ನಿದ್ದೆಯಲ್ಲಿರುವ ಬೋರ್ಡ್ 0.9 ಮಿಲಿಆಂಪ್ ಎಳೆಯುತ್ತಿದೆ, ಕೈ ಹತ್ತಿರ ತಂದರೆ ಬದಲಾಗುತ್ತದೆ

ಟ್ಯಾಂಕ್‌ಕಾವಲು
ಎಲ್ಲರಿಗೂ ನಮಸ್ಕಾರ. ಮಹಡಿ ಮೇಲಿನ ನೀರಿನ ಟ್ಯಾಂಕ್‌ಗೆ ಒಂದು ಮಟ್ಟ ತೋರಿಸುವ ಬೋರ್ಡ್ ಮಾಡಿದ್ದೇನೆ. ಬರೀ ಎಟಿಮೆಗಾ328ಪಿ ಚಿಪ್, ಒಳಗಿನ 8 ಮೆಗಾಹರ್ಟ್ಸ್ ಕ್ಲಾಕ್, ಮೂರು ಎಎ ಸೆಲ್. ಎಂಟು ಸೆಕೆಂಡಿಗೊಮ್ಮೆ ವಾಚ್‌ಡಾಗ್‌ನಿಂದ ಎದ್ದು ನೋಡುತ್ತದೆ, ಮಟ್ಟ ಬದಲಾಗಿದ್ದರೆ ಮಾತ್ರ 433 ಮೆಗಾಹರ್ಟ್ಸ್‌ನಲ್ಲಿ ಕಳಿಸುತ್ತದೆ. ಉಳಿದ ಹೊತ್ತೆಲ್ಲ ಪವರ್ ಡೌನ್.

ಸೆಲ್ ವರ್ಷಗಟ್ಟಲೆ ಬರಬೇಕಿತ್ತು. ಮೂರು ತಿಂಗಳಿಗೆ ಮುಗಿಯುತ್ತಿದೆ. ಮೀಟರ್ ಹಾಕಿ ನೋಡಿದರೆ ನಿದ್ದೆಯಲ್ಲಿ 0.9 ಮಿಲಿಆಂಪ್! ಅದೂ ನಿಂತಲ್ಲಿ ನಿಲ್ಲುವುದಿಲ್ಲ. ಒಮ್ಮೊಮ್ಮೆ 0.4ಕ್ಕೆ ಇಳಿಯುತ್ತದೆ, ಬೋರ್ಡ್ ಹತ್ತಿರ ಕೈ ತಂದರೆ ಮತ್ತೆ ಏರುತ್ತದೆ. ಚಿಪ್ ಬದಲಾಯಿಸಿದೆ, ಅದೇ ಕತೆ. ಜೊತೆಗೆ ಟ್ಯಾಂಕ್‌ನಲ್ಲಿ ಮಟ್ಟ ನೋಡುವ ಮೂರು ಪ್ರೋಬ್‌ಗಳಲ್ಲಿ ಮಧ್ಯದ್ದು ಆಗಾಗ ಸುಳ್ಳು ಹೇಳುತ್ತದೆ. ಎರಡು ಭಾನುವಾರ ಇದರಲ್ಲೇ ಹೋಯಿತು. ಏನು ನೋಡಬೇಕು ಹೇಳಿ.

ಎಂಟುಬಿಟ್
ಎಡಿಸಿ ಆರಿಸಿದ್ದೀರಾ? ಅದನ್ನು ಹಾಗೇ ಬಿಟ್ಟು ಮಲಗಿಸಿದರೆ ಅದೊಂದೇ ಮುನ್ನೂರು ಮೈಕ್ರೋಆಂಪ್ ಆಸುಪಾಸು ತಿನ್ನುತ್ತದೆ. ಎರಡನೆಯದು, ಖಾಲಿ ಪಿನ್‌ಗಳು. ನಾನು ಈ ಕಾಟ ಅನುಭವಿಸಿದ್ದೇನೆ. ಗಾಳಿಯಲ್ಲಿ ಬಿಟ್ಟ ಪಿನ್ ಎಲ್ಲದಕ್ಕೂ ಪುಲ್‌ಅಪ್ ಹಾಕಿ, ಕರೆಂಟ್ ದಬಕ್ಕನೆ ಇಳಿಯುತ್ತದೆ.

```
ADCSRA = 0;
for (byte p = 5; p <= 13; p++)
  pinMode(p, INPUT_PULLUP);
```

ಟ್ರಾನ್ಸ್‌ಮಿಟರ್ ಇರುವ ಪಿನ್ ಬಿಟ್ಟು ಹಾಕಿ.

ಟ್ಯಾಂಕ್‌ಕಾವಲು
ಎಡಿಸಿ ಮೊದಲೇ ಆರಿಸಿದ್ದೆ. ಪುಲ್‌ಅಪ್ ಈಗ ಹಾಕಿದೆ. 0.9 ಇದ್ದದ್ದು 0.9 ಆಗಿಯೇ ಇದೆ.

ಎಂಟುಬಿಟ್
ಎ0ಯಿಂದ ಎ5ರವರೆಗೂ ಹಾಕಿದಿರಾ? ಅವೂ ಡಿಜಿಟಲ್ ಪಿನ್‌ಗಳೇ. ಅವನ್ನು ಎಲ್ಲರೂ ಮರೆಯುತ್ತಾರೆ.

ಟ್ಯಾಂಕ್‌ಕಾವಲು
ಹಾಕಿದೆ ಸರ್. ಕೂದಲಷ್ಟೂ ಬದಲಾಗಲಿಲ್ಲ.

ಎಂಟುಬಿಟ್
ಹಾಗಾದರೆ ಲೂಪ್ ತಪ್ಪಿರಬೇಕು. ಒಂದೊಂದೇ ಪಿನ್ ಕೈಯಾರೆ ಬರೆದು ನೋಡಿ. ಇಲ್ಲವೇ ಎಲ್ಲವನ್ನೂ ಔಟ್‌ಪುಟ್ ಮಾಡಿ ಲೋ ಇಡಿ. ಇದು ಖಾಲಿ ಪಿನ್ನಿನದೇ ಕೆಲಸ, ನನಗೆ ಅನುಮಾನವೇ ಇಲ್ಲ. ಕೈ ತಂದರೆ ಬದಲಾಗುತ್ತದೆ ಅಂದಮೇಲೆ ಇನ್ನೇನು?

ಜೇಡಿಮಣ್ಣು
ಇದೇ ವಿಷಯ ಅಲ್ವಾ, ನನ್ನದೂ ಕೇಳಿಬಿಡುತ್ತೇನೆ. ಎ0ಗೆ ಮಣ್ಣಿನ ತೇವದ ಸೆನ್ಸರ್ ಇದೆ. ಎ1ಗೆ ಏನೂ ಹಾಕಿಲ್ಲ, ಆದರೂ 300, 400 ಅಂತ ಬರುತ್ತದೆ. ಗಿಡಕ್ಕೆ ನೀರು ಹಾಕಿದರೆ ಅದೂ ಬದಲಾಗುತ್ತದೆ! ಚಿಪ್ ಸುಟ್ಟಿದೆಯಾ?

ಹಳೇರೇಡಿಯೋ
ಜೇಡಿಮಣ್ಣು ಅವರೇ, ಚಿಪ್ ಚೆನ್ನಾಗಿದೆ. ಆರು ಅನಲಾಗ್ ಪಿನ್‌ಗೂ ಒಳಗೆ ಇರುವುದು ಒಂದೇ ಎಡಿಸಿ, ಒಂದೇ ಪುಟ್ಟ ಕೆಪಾಸಿಟರ್, 14 ಪಿಕೋಫ್ಯಾರಡ್‌ನದು. ಎ0 ಓದಿದಾಗ ಅದು ಸೆನ್ಸರ್‌ನ ವೋಲ್ಟೇಜಿಗೆ ತುಂಬುತ್ತದೆ. ಆಮೇಲೆ ಎ1ಕ್ಕೆ ತಿರುಗಿಸಿದರೆ ಅಲ್ಲಿ ಅದನ್ನು ಬದಲಾಯಿಸಲು ಯಾರೂ ಇಲ್ಲ. ಹಳೆಯ ಚಾರ್ಜನ್ನೇ ಇನ್ನೊಮ್ಮೆ ಅಳೆಯುತ್ತಿದ್ದೀರಿ. ಎ1ರಿಂದ ಗ್ರೌಂಡ್‌ಗೆ 10 ಕಿಲೋಓಮ್ ಹಾಕಿ ನೋಡಿ, ಸೊನ್ನೆ ಬರುತ್ತದೆ.

ಟ್ಯಾಂಕ್‌ಕಾವಲು ಅವರಿಗೆ: ಪವರ್ ಡೌನ್‌ನಲ್ಲಿ ಈ ಚಿಪ್ ತನ್ನ ಇನ್‌ಪುಟ್ ಬಫರ್‌ಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಡೇಟಾಶೀಟಿನಲ್ಲೇ ಇದೆ. ಎಬ್ಬಿಸುವುದಕ್ಕೆ ಇಂಟರಪ್ಟ್ ಇಟ್ಟ ಪಿನ್‌ಗಳು ಮಾತ್ರ ತೆರೆದಿರುತ್ತವೆ. ನೀವು ಏಳುವುದು ವಾಚ್‌ಡಾಗ್‌ನಿಂದ. ಹಾಗಾಗಿ ಮಲಗಿರುವಾಗ ಈ ಚಿಪ್ಪಿನ ಖಾಲಿ ಪಿನ್ 0.9 ಎಳೆಯಲಾರದು. ಬೋರ್ಡ್ ಮೇಲೆ ಇನ್ನೇನಿದೆ? ಫೋಟೋ ಹಾಕಿ.

ಎಂಟುಬಿಟ್
ಒಪ್ಪುವುದಿಲ್ಲ. ನನ್ನ ಗೇಟ್ ಅಲಾರಂ ಬೋರ್ಡ್‌ನಲ್ಲಿ ಪುಲ್‌ಅಪ್ ಹಾಕಿದ ಮೇಲೆಯೇ 0.5 ಮಿಲಿಆಂಪ್ ಕಡಿಮೆಯಾಯಿತು. ಡೇಟಾಶೀಟ್ ಏನೇ ಹೇಳಲಿ, ಮೀಟರ್ ಹೇಳುವುದು ಮುಖ್ಯ.

ಹಳೇರೇಡಿಯೋ
ಮೀಟರ್ ಸರಿಯಾಗಿಯೇ ಹೇಳಿದೆ. ನಿಮ್ಮದು ಎಬ್ಬಿಸಲು ಗುಂಡಿ ಇಟ್ಟ ಬೋರ್ಡ್ ಅಲ್ವಾ? ಆ ಒಂದು ಪಿನ್ ಎಚ್ಚರವಾಗಿತ್ತು, ಗುಂಡಿ ಒತ್ತದಿದ್ದಾಗ ಅದಕ್ಕೆ ಆಸರೆ ಇರಲಿಲ್ಲ. ನೀವು ಎಲ್ಲ ಪಿನ್‌ಗೂ ಪುಲ್‌ಅಪ್ ಹಾಕಿದಿರಿ, ಬೇಕಿದ್ದದ್ದು ಅದೊಂದಕ್ಕೆ.

ಎಂಟುಬಿಟ್
ಗುಂಡಿ ಇದೆ, ನಿಜ. ಆದರೂ ಅದೊಂದೇ ಪಿನ್ ಅಂತ ಸುಮ್ನೆ ಒಪ್ಪಲಾರೆ. ಬೋರ್ಡ್ ಗೋಡೆಯಲ್ಲಿ ಕೂತಿದೆ, ಬಿಚ್ಚಿದಾಗ ನೋಡುತ್ತೇನೆ.

ಟ್ಯಾಂಕ್‌ಕಾವಲು
ಫೋಟೋ ಹಾಕಿದ್ದೇನೆ. ಬೋರ್ಡ್ ಮೇಲೆ ಬೇರೇನೂ ಇಲ್ಲ. ಟ್ರಾನ್ಸ್‌ಮಿಟರ್ ಬಿಚ್ಚಿಟ್ಟೇ ಅಳೆದೆ. ಪ್ರೋಬ್‌ಗಳ ಮಧ್ಯೆ ಒಂದು 74ಎಚ್‌ಸಿ14 ಇದೆ ಅಷ್ಟೆ. ಅದು ಲಾಜಿಕ್ ಚಿಪ್, ಕರೆಂಟೇ ತಿನ್ನುವುದಿಲ್ಲ ಅಂತ ಬರೆದಿರಲಿಲ್ಲ.

ಹಳೇರೇಡಿಯೋ
ಸಿಕ್ಕಿತು. ಆ ಚಿಪ್‌ನಲ್ಲಿ ಆರು ಇನ್ವರ್ಟರ್ ಇವೆ, ನೀವು ಮೂರು ಬಳಸಿದ್ದೀರಿ. ಫೋಟೋದಲ್ಲಿ 9, 11, 13ನೇ ಪಿನ್‌ಗೆ ಬೆಸುಗೆಯೇ ಇಲ್ಲ. ಆ ಮೂರೂ ಖಾಲಿ ಗೇಟ್‌ಗಳ ಇನ್‌ಪುಟ್.

ಒಳಗೆ ಆಗುವುದು ಇಷ್ಟು. ಪ್ರತಿ ಇನ್‌ಪುಟ್ ಹಿಂದೆ ಎರಡು ಟ್ರಾನ್ಸಿಸ್ಟರ್ ಇವೆ, ಒಂದು ಪ್ಲಸ್ ಕಡೆಗೆ, ಇನ್ನೊಂದು ಗ್ರೌಂಡ್ ಕಡೆಗೆ. ಇನ್‌ಪುಟ್ ಪೂರ್ತಿ ಮೇಲಿದ್ದರೂ ಪೂರ್ತಿ ಕೆಳಗಿದ್ದರೂ ಎರಡರಲ್ಲಿ ಒಂದು ಮುಚ್ಚಿರುತ್ತದೆ, ಕರೆಂಟ್ ಹರಿಯುವುದಿಲ್ಲ. ನೀವು ಹೇಳಿದ "ತಿನ್ನುವುದಿಲ್ಲ" ಆಗ ಮಾತ್ರ ನಿಜ. ಇನ್‌ಪುಟ್ ನಡುವೆ ನಿಂತರೆ ಎರಡೂ ಅರ್ಧರ್ಧ ತೆರೆದು, ಸೆಲ್‌ನಿಂದ ನೇರ ಗ್ರೌಂಡ್‌ಗೆ ಸೋರುತ್ತದೆ. ಗಾಳಿಯಲ್ಲಿರುವ ಪಿನ್ನನ್ನು ನಡುವೆ ತಂದು ನಿಲ್ಲಿಸಲು ತೀರಾ ಸಣ್ಣ ಚಾರ್ಜ್ ಸಾಕು. ನಿಮ್ಮ ಕೈ, ಗೋಡೆಯೊಳಗಿನ ಮೇನ್ಸ್ ವೈರ್, ಯಾವುದಾದರೂ ಆಗುತ್ತದೆ. ಒಂದೊಂದು ಗೇಟ್ ಮುನ್ನೂರು ನಾನೂರು ಮೈಕ್ರೋಆಂಪ್ ಎಳೆಯುವುದು ದೊಡ್ಡ ವಿಷಯವಲ್ಲ.

ನಂಬಬೇಡಿ, ನೋಡಿ. ಒಂದು ವೈರ್‌ಗೆ 100 ಕಿಲೋಓಮ್ ರೆಸಿಸ್ಟರ್ ಬೆಸೆದು ಇನ್ನೊಂದು ತುದಿ ಗ್ರೌಂಡ್‌ಗೆ ಹಿಡಿಯಿರಿ. ಅದನ್ನು 9ಕ್ಕೆ ತಾಗಿಸಿ, ಮೀಟರ್ ನೋಡಿ. ಆಮೇಲೆ 11, ಆಮೇಲೆ 13. ರೆಸಿಸ್ಟರ್ ಇದ್ದರೆ ತಪ್ಪಿ ಬೇರೆ ಪಿನ್‌ಗೆ ತಾಗಿದರೂ ಏನೂ ಆಗುವುದಿಲ್ಲ.

ಬೆಂಚ್‌ರಾಜ
ಇದಕ್ಕೆಲ್ಲ ಮಲ್ಟಿಮೀಟರ್ ಸಾಲದು. ನಾನು ಹೋದ ತಿಂಗಳು ನಾಲ್ಕು ಚಾನೆಲ್ ಸ್ಕೋಪ್ ತೆಗೆದುಕೊಂಡೆ, ಬೆಂಚ್ ಸಪ್ಲೈ ಮೈಕ್ರೋಆಂಪ್ ತನಕ ತೋರಿಸುತ್ತದೆ. ಮೇಜಿನ ಫೋಟೋ ಹಾಕುತ್ತೇನೆ. ಹೇಗೂ ಖಾಲಿ ಪಿನ್ ಎಲ್ಲವನ್ನೂ ನೇರ ಗ್ರೌಂಡ್‌ಗೆ ಬೆಸೆದುಬಿಡಿ, ಕತೆ ಮುಗಿಯಿತು.

ಹಳೇರೇಡಿಯೋ
ಬೆಂಚ್‌ರಾಜ ಅವರೇ, "ಎಲ್ಲವನ್ನೂ" ಅನ್ನಬೇಡಿ, ಯಾರಾದರೂ ಹಾಗೇ ಮಾಡಿಯಾರು. 8, 10, 12 ಕೂಡ ಖಾಲಿ ಇವೆ. ಆದರೆ ಅವು ಔಟ್‌ಪುಟ್. ಇನ್‌ಪುಟ್ ಗ್ರೌಂಡ್‌ಗೆ ಹೋದರೆ ಔಟ್‌ಪುಟ್ ಹೈ ಆಗುತ್ತದೆ. ಅದನ್ನೂ ಗ್ರೌಂಡ್‌ಗೆ ಬೆಸೆದರೆ ಶಾರ್ಟ್. ಔಟ್‌ಪುಟ್‌ಗಳನ್ನು ಹಾಗೇ ಬಿಡಬೇಕು. ಎಟಿಮೆಗಾದ ಪಿನ್ನನ್ನೂ ನೇರ ಬೆಸೆಯಬಾರದು. ಕೋಡ್‌ನಲ್ಲಿ ಒಂದು ದಿನ ಅದು ಔಟ್‌ಪುಟ್ ಹೈ ಆದರೆ ಅಲ್ಲೂ ಅದೇ ಗತಿ.

ಬೆಂಚ್‌ರಾಜ
ಔಟ್‌ಪುಟ್ ಬಿಡಬೇಕು ಅನ್ನುವುದು ಯಾರಿಗೆ ಗೊತ್ತಿಲ್ಲ ಸರ್.

ಟ್ಯಾಂಕ್‌ಕಾವಲು
ಹೇಳಿದ್ದು ಒಳ್ಳೆಯದಾಯಿತು, ನನಗೆ ಗೊತ್ತಿರಲಿಲ್ಲ. ಬೆಸೆಯಲು ಕಬ್ಬಿಣ ಬಿಸಿಗಿಟ್ಟಿದ್ದೆ.

ಅಳೆದದ್ದು ಹೀಗಿದೆ. ಏನೂ ತಾಗಿಸದೆ 0.91. ಪಿನ್ 9 ಗ್ರೌಂಡ್‌ಗೆ ಹೋದಾಗ 0.52. ಜೊತೆಗೆ 11 ಹೋದಾಗ 0.33. 13 ಕೂಡ ಸೇರಿದಾಗ 0.02! ಕೈ ತಂದರೂ ಅಲುಗಾಡುವುದಿಲ್ಲ. ಮೂರೂ ಇನ್‌ಪುಟ್ ಗ್ರೌಂಡ್‌ಗೆ ಬೆಸೆದಿದ್ದೇನೆ. ಮೂರು ತಿಂಗಳು ಅಂದಾಜಿಗೆ 2000 ಮಿಲಿಆಂಪ್ ಅವರ್ ಸೆಲ್, 0.9ರಿಂದ ಭಾಗಿಸಿದರೆ 92 ದಿನ. ಲೆಕ್ಕ ಸರಿಯಾಗಿ ಕೂತಿತು. ತುಂಬಾ ತುಂಬಾ ಧನ್ಯವಾದ.

ಆದರೆ ಉಳಿದ 20 ಮೈಕ್ರೋಆಂಪ್ ಎಲ್ಲಿಯದು? ಮಧ್ಯದ ಪ್ರೋಬ್ ಇನ್ನೂ ಸುಳ್ಳು ಹೇಳುತ್ತಿದೆ. ನೀರಿಲ್ಲದಿದ್ದರೂ ಇದೆ ಎನ್ನುತ್ತದೆ, ಅದೂ ಮೋಟರ್ ಓಡುವಾಗ ಜಾಸ್ತಿ.

ಹಳೇರೇಡಿಯೋ
ಪ್ರೋಬ್‌ಗೆ ಪುಲ್‌ಅಪ್ ಎಷ್ಟು? ವೈರ್ ಎಷ್ಟು ಉದ್ದ, ಎಲ್ಲಿಂದ ಬರುತ್ತದೆ?

ಟ್ಯಾಂಕ್‌ಕಾವಲು
1 ಮೆಗಾಓಮ್, ಮೂರಕ್ಕೂ. ವೈರ್ 12 ಮೀಟರ್. ಬೋರ್ಡ್ ಕೆಳಗೆ ಮೀಟರ್ ಪೆಟ್ಟಿಗೆ ಪಕ್ಕ ಇದೆ. ಮೋಟರ್ ಕೇಬಲ್ ಇರುವ ಪೈಪಿನಲ್ಲೇ ಎಳೆದಿದ್ದೇನೆ.

ಹಳೇರೇಡಿಯೋ
20ರ ಲೆಕ್ಕ ಸುಲಭ. ನೀರಲ್ಲಿ ಮುಳುಗಿದ ಒಂದೊಂದು ಪ್ರೋಬ್‌ಗೆ 4.5 ವೋಲ್ಟ್, 1 ಮೆಗಾಓಮ್, ಅಂದರೆ ನಾಲ್ಕೂವರೆ ಮೈಕ್ರೋಆಂಪ್. ಮೂರಕ್ಕೆ ಹದಿಮೂರೂವರೆ. ಉಳಿದದ್ದು ವಾಚ್‌ಡಾಗ್.

ಸುಳ್ಳು ಹೇಳುವುದು ಬೇರೆ ಗೇಟ್, ಆದರೆ ರೋಗ ಅದರದ್ದೇ ತಮ್ಮ. ಮೋಟರ್ ಕೇಬಲ್ ಪಕ್ಕ 12 ಮೀಟರ್ ಓಡುವ ವೈರ್‌ಗೆ 1 ಮೆಗಾಓಮ್ ಆಸರೆ ಇದ್ದೂ ಇಲ್ಲದ ಹಾಗೆ. ಪ್ರೋಬ್ ಒಣಗಿದ್ದಾಗ ಆ ವೈರ್ 50 ಹರ್ಟ್ಸ್ ಹಿಡಿದುಕೊಂಡು ತೂಗಾಡುತ್ತದೆ. ಕೆಳಗೆ ತೂಗಿದ ಕ್ಷಣಕ್ಕೆ ಸರಿಯಾಗಿ ಎದ್ದು ಓದಿದರೆ "ನೀರಿದೆ". ಪುಲ್‌ಅಪ್ 100 ಕಿಲೋಓಮ್‌ಗೆ ಇಳಿಸಿ, ಚಿಪ್ಪಿನ ಇನ್‌ಪುಟ್ ಬುಡದಲ್ಲಿ ಗ್ರೌಂಡ್‌ಗೆ 100 ನ್ಯಾನೋಫ್ಯಾರಡ್ ಹಾಕಿ.

ಹಾಗೆ ಮಾಡಿದರೆ ಪ್ರೋಬ್ ಕರೆಂಟ್ ಹತ್ತು ಪಟ್ಟಾಗುತ್ತದೆ, ಪ್ರೋಬ್ ಸವೆಯುವುದೂ ಜಾಸ್ತಿ. ಅದಕ್ಕೆ ಪುಲ್‌ಅಪ್‌ಗಳ ಮೇಲ್ತುದಿಯನ್ನು ಪ್ಲಸ್‌ಗೆ ಕೊಡದೆ ಎಟಿಮೆಗಾದ ಒಂದು ಪಿನ್‌ಗೆ ಕೊಡಿ. ಓದುವ ಮುಂಚೆ ಹೈ ಮಾಡಿ, 50 ಮಿಲಿಸೆಕೆಂಡ್ ಕಾಯಿರಿ, ಓದಿ, ಮತ್ತೆ ಲೋ ಮಾಡಿ. ಲೋ ಅಂದರೆ ಔಟ್‌ಪುಟ್ ಲೋ. ಇನ್‌ಪುಟ್ ಮಾಡಿಬಿಟ್ಟರೆ ಮೂರೂ ಗೇಟ್ ಮತ್ತೆ ಗಾಳಿಗೆ ಬೀಳುತ್ತವೆ, 0.9 ಮರಳಿ ಬರುತ್ತದೆ.

ಎಂಟುಬಿಟ್
ಅದು ಸ್ಮಿಟ್ ಟ್ರಿಗರ್ ಚಿಪ್. ಈ ತೂಗಾಟವನ್ನು ತಡೆಯಲಿಕ್ಕೇ ಅಲ್ವಾ ಅದನ್ನು ಹಾಕುವುದು?

ಹಳೇರೇಡಿಯೋ
ಸಣ್ಣ ತೂಗಾಟ ತಡೆಯುತ್ತದೆ, ನಿಮ್ಮ ಮಾತು ನಿಜ. ಎರಡು ಮಿತಿಗಳ ನಡುವಿನ ಅಂತರ ದಾಟುವಷ್ಟು ದೊಡ್ಡದು ಬಂದರೆ ಅದೂ ಕೈಚೆಲ್ಲುತ್ತದೆ. ಕರೆಂಟನ್ನಂತೂ ಅದು ತಡೆಯುವುದೇ ಇಲ್ಲ. ಇನ್‌ಪುಟ್ ನಡುವೆ ನಿಂತರೆ ಔಟ್‌ಪುಟ್ ಅಲುಗದೆ ಇರಬಹುದು, ಒಳಗೆ ಸೋರಿಕೆ ನಡೆದೇ ಇರುತ್ತದೆ.

ಟ್ಯಾಂಕ್‌ಕಾವಲು
ಮಾಡಿ ನೋಡಿದೆ. ಮೋಟರ್ ಓಡುವಾಗಲೂ ಈಗ ಸುಳ್ಳಿಲ್ಲ. ಆದರೆ ಹೊಸ ತೊಂದರೆ. ಬೋರ್ ನೀರಿದ್ದಾಗ ಎಲ್ಲ ಸರಿ. ನಿನ್ನೆ ಮಳೆ ನೀರು ಟ್ಯಾಂಕ್‌ಗೆ ಬಿಟ್ಟೆ, ತುಂಬಿದ್ದರೂ ಮೇಲಿನ ಪ್ರೋಬ್ "ಇಲ್ಲ" ಎನ್ನುತ್ತಿದೆ.

ಹಳೇರೇಡಿಯೋ
ಮಳೆ ನೀರಲ್ಲಿ ಉಪ್ಪಿನಂಶ ಕಡಿಮೆ, ಅದರ ರೆಸಿಸ್ಟೆನ್ಸ್ ಜಾಸ್ತಿ. 100 ಕಿಲೋಓಮ್ ಪುಲ್‌ಅಪ್ ಎದುರು ಇನ್‌ಪುಟ್ಟನ್ನು 0.9 ವೋಲ್ಟ್ ತನಕ ಎಳೆಯಬೇಕಾದರೆ ನೀರು 25 ಕಿಲೋಓಮ್‌ಗಿಂತ ಕಡಿಮೆ ಇರಬೇಕು. 220 ಹಾಕಿ ನೋಡಿ, ಆಗ 55ರ ತನಕ ನಡೆಯುತ್ತದೆ. ಸಾಲದಿದ್ದರೆ ಗ್ರೌಂಡ್‌ಗೆ ಹೋಗುವ ಪ್ರೋಬನ್ನು ಮೇಲಿನದಕ್ಕೆ ಹತ್ತಿರ ತನ್ನಿ. ಸಾಧ್ಯವಾದರೆ ಮೋಟರ್ ಪೈಪಿನಿಂದ ವೈರ್ ಹೊರಗೆ ತೆಗೆಯಿರಿ, ಆಗ ಇನ್ನೂ ದೊಡ್ಡ ರೆಸಿಸ್ಟರ್ ಹಾಕಬಹುದು.

ಟ್ಯಾಂಕ್‌ಕಾವಲು
220 ಕಿಲೋಓಮ್ ಮನೆಯಲ್ಲಿಲ್ಲ, ಶನಿವಾರ ತರುತ್ತೇನೆ. ಬರೀ ಮಳೆ ನೀರು ಮತ್ತೆ ತುಂಬಿದಾಗ ಓದಿ ಇಲ್ಲಿ ಬರೆಯುತ್ತೇನೆ.

ಜೇಡಿಮಣ್ಣು
10 ಕಿಲೋಓಮ್ ಹಾಕಿದೆ, ಎ1 ಸೊನ್ನೆ ಆಯಿತು. ಆದರೆ ಅದೇ ಪಿನ್ ಬಳಸಿ `randomSeed(analogRead(A1))` ಅಂತ ಬರೆದಿದ್ದೆ. ಈಗ ಪ್ರತಿ ಸಲ ಒಂದೇ ಅಂಕೆಗಳು ಬರುತ್ತಿವೆ. ಅದಕ್ಕೆ ಏನು ಮಾಡಲಿ?