ಲೋನ್ ಗಾಡಿಯ ಕ್ಲೇಮ್ ದುಡ್ಡು ಯಾರಿಗೆ? ಸರ್ವೇಯರ್ ಬಳಿ ಕೇಳಿ

ಮಂಜುಳಾ: ಸರ್, ಕಾರು ಘಾಟಿಯಲ್ಲಿ ಪಲ್ಟಿಯಾಗಿ ಟೋಟಲ್ ಲಾಸ್ ಆಯ್ತು. ಐಡಿವಿ, ಅಂದರೆ ಪಾಲಿಸಿಯಲ್ಲಿ ಹಾಕಿರೋ ಗಾಡಿ ಬೆಲೆ, 6 ಲಕ್ಷ. ಬ್ಯಾಂಕಿಗೆ ಇನ್ನೂ 6,42,000 ಕಟ್ಟಬೇಕು. ಪ್ರೀಮಿಯಂ ಕಟ್ಟಿದ್ದು ನಾನು, ದುಡ್ಡು ಬ್ಯಾಂಕಿಗೆ ಯಾಕೆ?

ಸರ್ವೇಯರ್: ನಿಮ್ಮ ಪಾಲಿಸಿಯ ಕೊನೇ ಪುಟ ನೋಡಿ ಮೇಡಂ, ಐಎಂಟಿ 7 ಅನ್ನೋ ಷರತ್ತು ಇರುತ್ತೆ. ರಿಪೇರಿ ಆಗದ ನಷ್ಟದ ದುಡ್ಡು ಸಾಲ ಕೊಟ್ಟವರಿಗೆ ಹೋಗಬೇಕು ಅಂತ ಅಲ್ಲೇ ಬರೆದಿದೆ. ಸಾಲ ತೀರಿ ಮಿಕ್ಕಿದ್ದು ಮಾತ್ರ ನಿಮಗೆ. ನಿಮ್ಮದರಲ್ಲಿ ಮಿಗೋದಿಲ್ಲ. ಕಡ್ಡಾಯ ಕಡಿತ 1,000 ಹೋಗಿ 5,99,000 ಬ್ಯಾಂಕಿಗೆ. ಉಳಿದ 43,000 ನೀವೇ ಕೈಯಿಂದ ಹಾಕಬೇಕು. ಅಲ್ಲೀತನಕ ಬ್ಯಾಂಕ್ ಸಾಲ ತೀರಿತು ಅನ್ನೋ ಎನ್‌ಒಸಿ, ಫಾರ್ಮ್ 35 ಕೊಡಲ್ಲ. ಅದಿಲ್ಲದೆ ಆರ್‌ಸಿಯಲ್ಲಿ ಎಚ್‌ಪಿ, ಅಂದರೆ ಬ್ಯಾಂಕ್ ಸಾಲದ ನಮೂದು, ಹೋಗಲ್ಲ, ಗುಜರಿಯವನ ಹೆಸರಿಗೆ ಗಾಡಿಯೂ ಆಗಲ್ಲ. ಫೈಲು ಅಲ್ಲೇ ನಿಲ್ಲುತ್ತೆ.

ಒಂದು ಮಾತು. ಕ್ಲೇಮ್ ನಡೀತಿದೆ ಅಂತ ಇಎಂಐ ನಿಲ್ಲಿಸಬೇಡಿ. ಕಂತಿಗೂ ಕ್ಲೇಮಿಗೂ ಸಂಬಂಧವಿಲ್ಲ, ಕಂತು ತಪ್ಪಿದರೆ ದಂಡ ಬೆಳೆದು ಆ 43,000 ಇನ್ನೂ ಜಾಸ್ತಿಯಾಗುತ್ತೆ. ಸೆಟ್ಲ್‌ಮೆಂಟ್ ಹೊತ್ತಿಗೆ ಬ್ಯಾಂಕಿನಿಂದ ಹೊಸ ತಾರೀಖಿನ ಫೋರ್‌ಕ್ಲೋಶರ್ ಪತ್ರ, ಅಂದರೆ ಸಾಲ ಪೂರ್ತಿ ಮುಗಿಸೋಕೆ ಎಷ್ಟು ಕಟ್ಟಬೇಕು ಅನ್ನೋ ಪತ್ರ, ತನ್ನಿ. ಬಾಕಿ ಅಸಲಿನ ಪಟ್ಟಿ ಬೇರೆ, ಇದು ಬೇರೆ.

ಶಿವಣ್ಣ: ಸುಳ್ಳು. ನನ್ನ ಗಾಡಿಗೂ ಲೋನ್ ಇತ್ತು. 48,000 ನೇರ ಗ್ಯಾರೇಜಿಗೆ ಹೋಯ್ತು, ಬ್ಯಾಂಕ್ ಕೇಳಲೇ ಇಲ್ಲ.

ಸರ್ವೇಯರ್: ನಿಮ್ಮದು ರಿಪೇರಿ. ಅವರದು ಪೂರ್ತಿ ಹೋಗಿದೆ. ಎರಡೂ ಒಂದೇ ಅಲ್ಲ.

ನಾಗರಾಜ್: ಫಾರ್ವರ್ಡ್ ನೋಡಿ: "ಪಾಲಿಸಿಯಿಂದ ಬ್ಯಾಂಕ್ ಹೆಸರು ತೆಗೆಸಿ, ದುಡ್ಡು ನಿಮ್ಮ ಖಾತೆಗೇ."

ಸರ್ವೇಯರ್: ದಯವಿಟ್ಟು ಇದನ್ನು ಅಳಿಸಿ. ಪಾಲಿಸಿಯಲ್ಲಿ ತೆಗೆದರೂ ಆರ್‌ಸಿಯಲ್ಲಿ ಇರುತ್ತಲ್ವಾ? ನಾವು ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ನೋಡೇ ನೋಡ್ತೀವಿ. ಹೆಸರು ತೆಗೆಸೋದು ಸಾಲ ತೀರಿದ ಮೇಲೆ.

ರೇಖಾ: ನನ್ನ ಸಾಲ ತೀರಿ 2 ವರ್ಷ ಆಯ್ತು, ಆರ್‌ಸಿಯಲ್ಲಿ ಎಚ್‌ಪಿ ಹಾಗೇ ಇದೆ. ಈಗ ಗಾಡಿ ಕಳುವಾಗಿದೆ.

ಸರ್ವೇಯರ್: ಬ್ಯಾಂಕಿಗೆ ಹೋಗಿ ಹೊಸ ಎನ್‌ಒಸಿ ಕೇಳಿ. ಹಳೇದಕ್ಕೆ ಅವಧಿ ಮುಗಿದಿರುತ್ತೆ. ಮೊದಲು ಎಫ್‌ಐಆರ್, ಎರಡೂ ಕೀ ಜೋಪಾನ.

ಬಸವರಾಜ: ಒಂದು ಕೀ ಕಳೆದಿದೆ ಸರ್, ನನ್ನ ಬೈಕ್ ಕ್ಲೇಮ್ ಆಗುತ್ತಾ?

ಶಿವಣ್ಣ: ಕೀ ಬಿಟ್ಟು ಟೀ ಕುಡಿಯೋಕೆ ಹೋಗಿದ್ರಾ?

ಬಸವರಾಜ: ನಿಮ್ಮನ್ನು ಕೇಳಿಲ್ಲ.

ಶಿವಣ್ಣ: ಗ್ರೂಪಲ್ಲಿ ಕೇಳಿದ್ರೆ ಎಲ್ಲರೂ ಹೇಳ್ತಾರೆ. 48,000 ಬಂದದ್ದು ನಿಜ ತಾನೇ?

ಮಂಜುಳಾ: ಸರ್, ರಿಟರ್ನ್ ಟು ಇನ್‌ವಾಯ್ಸ್ ಆಡ್-ಆನ್ ಇದ್ದಿದ್ದರೆ?

ಸರ್ವೇಯರ್: ಶೋರೂಮಿನ ಬಿಲ್ ಮೊತ್ತದ ಹತ್ತಿರ ಬರ್ತಿತ್ತು, ಬಹುಶಃ ಸಾಲ ತೀರಿ ಸ್ವಲ್ಪ ಮಿಗುತ್ತಿತ್ತು. ಪಾಲಿಸಿಯಲ್ಲಿ ಅದಿದೆಯಾ, ಮೊದಲು ನೋಡಿ. ನೋಡದೆ ಬೇಜಾರಾಗಬೇಡಿ.

ಗಿರೀಶ್: ಸರ್, ದುಡ್ಡು ಬ್ಯಾಂಕಿಗೆ ಯಾಕೆ ಹೋಗುತ್ತೆ?

ಸರ್ವೇಯರ್: ಮೇಲೆ ಓದಿ.