ಸಿಕ್ಸ್ ಸಿಗ್ಮಾದಲ್ಲಿ ಗ್ರೀನ್ ಬೆಲ್ಟ್ ಸಾಕೋ, ಬ್ಲ್ಯಾಕ್ ಬೆಲ್ಟಿಗೆ ಹೋಗಬೇಕೋ? ಗೊತ್ತಿದ್ದವರು ಹೇಳಿ

ಕೋಡಿಬಾಗ: ಕಾರವಾರದಿಂದ ಗೋವಾಕ್ಕೆ ದಿನಾ ಓಡಾಡ್ತೇನೆ, ಪ್ಯಾಕಿಂಗ್ ಲೈನಿನ ಕ್ವಾಲಿಟಿ ವಿಭಾಗ. ಡಿಪ್ಲೊಮಾ, ನಾಲ್ಕು ವರ್ಷ ಸರ್ವಿಸ್. ಗ್ರೀನ್ ಬೆಲ್ಟ್ ಮಾಡಿ ನಿಲ್ಲಿಸಲೋ, ನೇರ ಬ್ಲ್ಯಾಕ್ ಬೆಲ್ಟಿಗೇ ದುಡ್ಡು ಹಾಕಲೋ? ಪ್ರಾಜೆಕ್ಟ್ ಅಂತ ಯಾವುದನ್ನು ಒಪ್ಪುತ್ತಾರೆ?

ಮಾಜಾಳಿ: ಎರಡು ಪ್ರಾಜೆಕ್ಟ್ ಮುಗಿಸದೆ ಬ್ಲ್ಯಾಕ್ ಬೆಲ್ಟ್ ಸಿಗೋದಿಲ್ಲ, ಗ್ರೀನಿಗೂ ಒಂದು ಬೇಕೇ ಬೇಕು. ಬರೀ ಪರೀಕ್ಷೆ ಬರೆಸಿ ಕೊಡುವ ಸರ್ಟಿಫಿಕೇಟ್ ಕಾಗದಕ್ಕೆ ಸಮ. ಖರ್ಚನ್ನೂ ಸರಿಯಾಗಿ ಲೆಕ್ಕ ಹಾಕಿ. ಕೋರ್ಸಿನವರು ಹೇಳುವ ಫೀಯಲ್ಲಿ ಎಷ್ಟೋ ಕಡೆ ಪರೀಕ್ಷೆಯ ಫೀ ಸೇರಿರೋದಿಲ್ಲ, ಅದು ಹೆಚ್ಚಾಗಿ ಡಾಲರಿನಲ್ಲಿ. ಲೆಕ್ಕದ ಸಾಫ್ಟ್‌ವೇರ್ ಮಿನಿಟ್ಯಾಬಿಗೆ ಬೇರೆ. ಫೇಲಾದರೆ ಮತ್ತೆ ಕಟ್ಟಬೇಕು. ಬ್ಲ್ಯಾಕ್ ಬೆಲ್ಟ್ ಸಿಕ್ಕಿದ ಮೇಲೂ ಮೂರು ವರ್ಷಕ್ಕೊಮ್ಮೆ ನವೀಕರಣ. ಇಷ್ಟೆಲ್ಲ ಸುರಿದ ಮೇಲೂ ಡೆಸಿಗ್ನೇಶನ್ ಬದಲಾಗದ ಕಾರ್ಖಾನೆಗಳು ಬೇಕಾದಷ್ಟಿವೆ.

ಅಂಕೋಲಾ ಕ್ಯೂಎ: ಮಾಜಾಳಿಯವರೇ, ಅರ್ಧ ಸರಿ. ಸರ್ಟಿಫಿಕೇಟ್ ಕೊಡುವ ಅಮೆರಿಕದ ಸಂಸ್ಥೆ ಎಎಸ್‌ಕ್ಯೂ ಗ್ರೀನ್ ಬೆಲ್ಟಿಗೆ ಪ್ರಾಜೆಕ್ಟ್ ಕೇಳೋದಿಲ್ಲ. ಗ್ರೀನ್ ಬೆಲ್ಟಿನ ವಿಷಯಕ್ಕೆ ಸೇರಿದ ಕೆಲಸದಲ್ಲಿ ಮೂರು ವರ್ಷದ ಅನುಭವ ಸಾಕು, ನವೀಕರಣವೂ ಇಲ್ಲ. ಅವರ ಬ್ಲ್ಯಾಕ್ ಬೆಲ್ಟಿಗೆ ಸಹಿಯಾದ ಅಫಿಡವಿಟ್ ಜೊತೆ ಎರಡು ಪ್ರಾಜೆಕ್ಟ್, ಇಲ್ಲವೇ ಒಂದು ಪ್ರಾಜೆಕ್ಟ್ ಜೊತೆಗೆ ಮೂರು ವರ್ಷದ ಅನುಭವ. ಇಂಥದ್ದೇ ಇನ್ನೊಂದು ಸಂಸ್ಥೆ ಐಎಎಸ್‌ಎಸ್‌ಸಿಯವರು ಪ್ರಾಜೆಕ್ಟ್, ಅನುಭವ ಎರಡನ್ನೂ ಕೇಳೋದಿಲ್ಲ, ಪರೀಕ್ಷೆ ಮಾತ್ರ. ನೀವು ಹೇಳುವ "ಒಂದು ಬೇಕೇ ಬೇಕು" ಕಂಪನಿಗಳು ಒಳಗೇ ಕೊಡುವ ಬೆಲ್ಟಿನ ನಿಯಮ, ಅದು ಒಂದೊಂದು ಕಡೆ ಒಂದೊಂದು ಥರ.

ಮಾಜಾಳಿ: ಸಂದರ್ಶನದಲ್ಲಿ "ಪ್ರಾಜೆಕ್ಟ್ ಏನು ಮಾಡಿದ್ರಿ" ಅಂತಲೇ ಕೇಳ್ತಾರೆ ಮಾರಾಯ್ರೆ, ಎಎಸ್‌ಕ್ಯೂ ನಿಯಮ ಯಾರೂ ಕೇಳೋದಿಲ್ಲ.

ಕುಮಟಾ ಗೇರು: ಆ ಮಾತು ಒಪ್ಪಿದೆ. ಹಾಗಾಗಿ ಪ್ರಾಜೆಕ್ಟ್ ಅಂದರೆ ಏನು ಅಂತ ಒಂದು ಪ್ಯಾಕಿಂಗ್ ಲೈನಿನ ಲೆಕ್ಕದಲ್ಲೇ ಹೇಳ್ತೇನೆ.

500 ಗ್ರಾಂ ಗೇರುಬೀಜದ ಪೊಟ್ಟಣ, ನಾಲ್ಕು ಹೆಡ್ಡಿನ ತೂಕದ ಯಂತ್ರ, ದಿನಕ್ಕೆ 2,000 ಪೊಟ್ಟಣ. ಸರಾಸರಿ 508 ಗ್ರಾಂ ಬೀಳ್ತಿತ್ತು, ಸ್ಟ್ಯಾಂಡರ್ಡ್ ಡೀವಿಯೇಶನ್ ಸುಮಾರು 3. ಒಂದೂ ಪೊಟ್ಟಣ 500ರ ಕೆಳಗೆ ಹೋಗಬಾರದು ಅಂತ ಮಾಲೀಕರ ಪಟ್ಟು, ಅದಕ್ಕೇ ಆಪರೇಟರು ಸೆಟ್ಟಿಂಗ್ ಏರಿಸಿಟ್ಟಿದ್ದ. ಒಂದೊಂದು ಪೊಟ್ಟಣಕ್ಕೆ 8 ಗ್ರಾಂ ಪುಕ್ಕಟೆ.

ಗುಂಪುಗಳ ಸರಾಸರಿ ಗುರುತಿಸುವ ಕಂಟ್ರೋಲ್ ಚಾರ್ಟ್ ಮೊದಲೇ ಇತ್ತು, ಎಲ್ಲ ಬಿಂದುವೂ ಲಿಮಿಟ್ ಗೆರೆಯೊಳಗೇ. ಆದರೆ ಅವೆಲ್ಲ ನಡುಗೆರೆಗೆ ಅಂಟಿಕೊಂಡ ಹಾಗಿದ್ದವು. ಅನುಮಾನ ಪಡಬೇಕಾದ್ದು ಅಲ್ಲೇ. ಸಾಲಾಗಿ ನಾಲ್ಕು ಪೊಟ್ಟಣ ತೆಗೆದು ಒಂದು ಗುಂಪು ಮಾಡ್ತಿದ್ದರು, ಅಂದರೆ ಪ್ರತಿ ಗುಂಪಿನಲ್ಲೂ ನಾಲ್ಕೂ ಹೆಡ್ಡಿನ ಮಾಲು. ಹೆಡ್ಡುಗಳ ನಡುವಿನ ವ್ಯತ್ಯಾಸ ಗುಂಪಿನ ರೇಂಜಿನೊಳಗೇ ಸೇರಿ ಲಿಮಿಟ್ಟುಗಳು ಅಗಲ ಆಗ್ತಿದ್ದವು. ಹೆಡ್ ಬೇರೆ ಬೇರೆ ಮಾಡಿ ನೋಡಿದರೆ ಮೂರು 509.6ರಲ್ಲಿ, ಒಂದು 503.2ರಲ್ಲಿ. ಪ್ರತಿಯೊಂದರ ಒಳಗಿನ ಡೀವಿಯೇಶನ್ ಬರೀ 1.2. ಆ ಒಂದು ಹೆಡ್ ಮೂರು ಸಿಗ್ಮಾ ಕೆಳಗೆ ಬಂದರೆ 499.6. ಅದನ್ನು ಎತ್ತಿ ಹಿಡಿಯಲು ಉಳಿದ ಮೂರೂ ಹೆಚ್ಚು ಸುರೀತಿದ್ದವು.

ಕಾರಣ ಆ ಹೆಡ್ಡಿನ ಬಕೆಟ್ಟಿನ ಬಾಗಿಲು. ಸ್ಪ್ರಿಂಗ್ ಸಡಿಲಾಗಿ ಅದು ಪೂರ್ತಿ ತೆರೀತಿರಲಿಲ್ಲ, ಮಳೆಗಾಲದ ತೇವಕ್ಕೆ ಚೂರು, ಹುಡಿ ಒಳಗೇ ಅಂಟಿ ಉಳೀತಿತ್ತು. ಲೋಡ್‌ಸೆಲ್ ಆ ಉಳಿದದ್ದನ್ನೂ ಮಾಲು ಅಂತಲೇ ಎಣಿಸಿತ್ತು, ಚೀಲಕ್ಕೆ ಅಷ್ಟು ಕಡಿಮೆ ಬಿತ್ತು. ಸ್ಪ್ರಿಂಗ್ ಬದಲಾಯಿಸಿ, ನಡುನಡುವೆ ತಾನೇ ಸೊನ್ನೆಗೆ ಬರುವ ಸೆಟ್ಟಿಂಗ್ ಹಾಕಿ, ನಾಲ್ಕನ್ನೂ 503.6ಕ್ಕೆ ತಂದರು. ಪೊಟ್ಟಣಕ್ಕೆ 4.4 ಗ್ರಾಂ, ದಿನಕ್ಕೆ 8.8 ಕಿಲೋ ಉಳೀತು.

ಅಳತೆಯನ್ನು ಮೊದಲು ಪರೀಕ್ಷಿಸಿ. 1 ಗ್ರಾಂ ಮಾತ್ರ ತೋರಿಸುವ ತಕ್ಕಡಿಯಲ್ಲಿ 1.2ರ ಡೀವಿಯೇಶನ್ ಹುಡುಕೋದು ವ್ಯರ್ಥ, 0.1 ಗ್ರಾಂ ತೋರಿಸೋದು ಬೇಕು.

ಇದಕ್ಕೆ ಗ್ರೀನ್ ಬೆಲ್ಟ್ ಧಾರಾಳ ಸಾಕು.

ಅಂಕೋಲಾ ಕ್ಯೂಎ: ಹೆಚ್ಚು ಬೀಳೋದನ್ನು ಇನ್ನೂ ಇಳಿಸಬೇಕು ಅಂದರೆ ಗ್ರೀನ್ ಸಾಲದು. ಡಬ್ಲ್ಯೂ320 ಗೇರುಬೀಜ ಒಂದು ಪೌಂಡಿಗೆ 320, ಅಂದರೆ ಒಂದೊಂದು ಸುಮಾರು 1.4 ಗ್ರಾಂ. ಕೊನೆಗೆ ಒಂದು ಬೀಜ ಬಿದ್ದರೂ ಬೀಳದಿದ್ದರೂ ಅಷ್ಟು ವ್ಯತ್ಯಾಸ. ಡಬ್ಲ್ಯೂ180 ಆದರೆ 2.5 ಗ್ರಾಂ. ಅಲ್ಲಿಂದ ಮುಂದೆ ಕಂಪನದ ವೇಗ, ಕೊನೆಯ ಸಣ್ಣ ಧಾರೆಯ ಹೊತ್ತು, ಬೀಜದ ತೇವ ಇವು ಒಂದರ ಮೇಲೊಂದು ಹೇಗೆ ಪರಿಣಾಮ ಮಾಡ್ತವೆ ಅಂತ ಡಿಒಇ, ಅಂದರೆ ಯೋಜಿಸಿದ ಪ್ರಯೋಗ ಹಾಕಿ ನೋಡಬೇಕು. ಕೋಡಿಬಾಗದವರೇ, ನಿಮ್ಮ ಕೆಲಸದಲ್ಲಿ ಇಂಥ ಪ್ರಶ್ನೆ ಪದೇಪದೇ ಬಂದರೆ, ಅಥವಾ ಬೇರೆ ಗ್ರೀನ್ ಬೆಲ್ಟಿನವರ ಪ್ರಾಜೆಕ್ಟ್ ನಡೆಸೋದೇ ನಿಮ್ಮ ಪೂರ್ಣ ಕೆಲಸ ಆದರೆ ಬ್ಲ್ಯಾಕ್ ಬೇಕು. ಲೈನ್ ನೋಡಿಕೊಂಡೇ ಮಾಡೋದಾದರೆ ಗ್ರೀನ್ ಸಾಕು.

ಮಾಜಾಳಿ: ಉಳಿತಾಯ ಎಷ್ಟು ಬರೆದರಂತೆ?

ಕುಮಟಾ ಗೇರು: ಕಿಲೋಗೆ 800 ರೂಪಾಯಿ, ವರ್ಷಕ್ಕೆ 300 ದಿನ. 21.12 ಲಕ್ಷ.

ಮಾಜಾಳಿ: 800 ಅಂದರೆ ಮಾರುವ ರೇಟು! ಅಕೌಂಟ್ಸಿನವರು ತಿರುಳಿನ ಅಸಲು ಬೆಲೆಯಲ್ಲೇ ಹಿಡೀತಾರೆ. ಇಂಥ ಉಬ್ಬಿದ ಲೆಕ್ಕದಿಂದಲೇ ಬೆಲ್ಟಿನವರ ಮಾತು ಯಾರೂ ನಂಬೋದಿಲ್ಲ.

ಕುಮಟಾ ಗೇರು: ಉಳಿದ ಬೀಜ ಗೋದಾಮಿನಲ್ಲಿ ಕೊಳೀತದಾ? ಅದನ್ನೂ ಪೊಟ್ಟಣ ಮಾಡಿ ಮಾರ್ತಾರೆ. ಗೇರು ಸಿಗದ ತಿಂಗಳಲ್ಲಿ ಮಾರುವ ರೇಟೇ ಸರಿ.

ಅಂಕೋಲಾ ಕ್ಯೂಎ: ಆರ್ಡರ್ ಇದ್ದು ಮಾಲು ಸಾಲದಿದ್ದರೆ ಮಾರುವ ರೇಟು. ಮಾಲು ಸಾಕಷ್ಟಿದ್ದರೆ ಖರೀದಿ ಕಡಿಮೆ ಆಗೋದಷ್ಟೇ, ಆಗ ಅಸಲು. ಯಾವುದು ಅಂತ ಪ್ರಾಜೆಕ್ಟ್ ಶುರುವಿನಲ್ಲೇ ಅಕೌಂಟ್ಸಿನವರ ಹತ್ತಿರ ಬರೆಸಿಕೊಳ್ಳಬೇಕು. ಅಫಿಡವಿಟ್ಟಿಗೂ ವ್ಯವಹಾರಕ್ಕೆ ನಿಜವಾದ ಹಣದ ಲಾಭ ಇರಬೇಕು.

ಶಿರಸಿ ತೋಟ: ಎಲ್ಲರೂ ತೂಕದ ಮೇಲೇ ಬಿದ್ದಿದ್ದೀರಿ. ಕಣ್ಣಳತೆಯ ಕೆಲಸಕ್ಕೂ ಇದೇ ವಿದ್ಯೆ ನಡೀತದೆ. ಅಡಿಕೆ ವಿಂಗಡಣೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಬೇರೆ ಮಾಡುವ ಮೂವರಿಗೆ 30 ಮಾದರಿ, ಗುರುತು ಮುಚ್ಚಿ, ಕ್ರಮ ಬದಲಿಸಿ ಎರಡು ಸಲ ಕೊಟ್ಟೆವು. ಬೆಳಿಗ್ಗೆ ಬೆಟ್ಟೆ ಅಂದವರೇ ಸಂಜೆ ಟ್ಯೂಬ್‌ಲೈಟಿನಡಿ ಅದನ್ನೇ ಗೊರಬಲು ಅಂದರು. ವಿಂಗಡಣೆಯ ಮೇಜು ಕಿಟಕಿ ಪಕ್ಕಕ್ಕೆ ತಂದು, ಮಾದರಿ ತಟ್ಟೆ ಎದುರಿಗೆ ಇಟ್ಟ ಮೇಲೆ ಹೊಂದಾಣಿಕೆ ಬಂತು. ಇದಕ್ಕೂ ಗ್ರೀನ್ ಬೆಲ್ಟೇ.

ಅಂಕೋಲಾ ಕ್ಯೂಎ: ಭಟ್ರೇ, 30ರಲ್ಲಿ ಗಡಿಯ ಮೇಲಿನ ಅಡಿಕೆ ಎಷ್ಟಿದ್ದವು? ಎಲ್ಲ ಸ್ಪಷ್ಟ ರಾಶಿಯೇ ಆದರೆ ಯಾರು ನೋಡಿದರೂ ಹೊಂದ್ತದೆ.

ಶಿರಸಿ ತೋಟ: ಮೂರನೇ ಒಂದು ಪಾಲು ಗಡಿಯವೇ. ಹಾಗೆ ಆರಿಸಿದ್ದು ನಮ್ಮ ಊರಿನ ಹಳೇ ವಿಂಗಡಣೆಯವರು, ಯಾವ ಬೆಲ್ಟೂ ಇಲ್ಲದವರು.

ಮಾಜಾಳಿ: ಮಳೆಗಾಲದ ಮಾಲಾ, ಬೇಸಿಗೆಯದ್ದಾ? ಒಂದೇ ಹಂಗಾಮಿನದ್ದಾದರೆ ಮತ್ತೆ ಮಾಡಬೇಕು.

ಕೋಡಿಬಾಗ: ನಮ್ಮ ಲೈನಿನಲ್ಲಿ ಆರು ಹೆಡ್ಡು. ಗುಂಪು ಸಾಲಾಗಿಯೇ ತೆಗೀತೇವೆ, ಯಾವ ಪೊಟ್ಟಣ ಯಾವ ಹೆಡ್ಡಿನದ್ದು ಅಂತ ಬರೆದಿಡೋದಿಲ್ಲ.

ಕುಮಟಾ ಗೇರು: ಹಾಗಾದರೆ ಫೀ ಕಟ್ಟುವ ಮೊದಲು ಹೆಡ್ ನಂಬರ್ ಬರೆಯಲು ಶುರು ಮಾಡಿ. ಪ್ರತಿ ಹೆಡ್ಡಿಗೆ 30 ಪೊಟ್ಟಣ, ಒಂದೇ ಶಿಫ್ಟಿನಲ್ಲಿ ಅಲ್ಲ, ಮೂರೂ ಶಿಫ್ಟಿಗೆ ಹಂಚಿ. ಅಂಕಿ ಇಲ್ಲೇ ಹಾಕಿ.