ಸಹಾಯ ಬೇಕು: ಗೂಗಲ್ ಡಾಕ್ಸ್‌ನಲ್ಲಿ ಒಂದೇ ಭಾಗವನ್ನು ಹಳೆಯ ಆವೃತ್ತಿಯಿಂದ ಮರಳಿ ಪಡೆಯುವುದು

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಸೇರಿ ವಾರ್ಷಿಕ ವರದಿಯೊಂದನ್ನು ಗೂಗಲ್ ಡಾಕ್ಸ್‌ನಲ್ಲಿ ಸಿದ್ಧಪಡಿಸುತ್ತಿದ್ದೇವೆ. ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಪೀಠಿಕೆಯನ್ನು ಮರಳಿ ಪಡೆಯಲೆಂದು Version history ತೆರೆದು Restore this version ಒತ್ತಿದಾಗ, ಪೀಠಿಕೆಯ ಜೊತೆಗೆ ಇಡೀ ಕಡತವೇ ಹಿಂದಿನ ಸ್ಥಿತಿಗೆ ಹೋಗಿ, ಆ ನಂತರ ಉಳಿದವರು ಲೆಕ್ಕಪತ್ರದ ಭಾಗದಲ್ಲಿ ಮಾಡಿದ್ದ ತಿದ್ದುಪಡಿಗಳು ಕಾಣದಾದವು. ಅವು ಇತಿಹಾಸದಲ್ಲಿ ಉಳಿದಿದ್ದವೆನ್ನುವುದೇ ಸಮಾಧಾನ; ಆದರೆ ಹೆಸರಿಲ್ಲದ ಹತ್ತಾರು ಆವೃತ್ತಿಗಳ ನಡುವೆ ಸರಿಯಾದುದನ್ನು ಹುಡುಕುವುದು ಕಷ್ಟವಾಯಿತು.

ಹೀಗಾಗಿ ಈಗ ಪ್ರತಿ ಹಂತದಲ್ಲೂ ‘ಲೆಕ್ಕಪತ್ರ ಪರಿಶೀಲನೆಗೆ ಮುನ್ನ’ ಎಂಬಂತಹ ಹೆಸರನ್ನು ಆವೃತ್ತಿಗೆ ಕೊಡುತ್ತಿದ್ದೇವೆ. ‘ಅಂತಿಮ’, ‘ಅಂತಿಮ ೨’ ಎಂಬ ಹೆಸರುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬೇಕಾದ ಭಾಗವನ್ನು ಹಳೆಯ ಆವೃತ್ತಿಯಿಂದ ನಕಲಿಸಿ ಇಂದಿನ ಕಡತದಲ್ಲಿ ಅಂಟಿಸುತ್ತೇವೆ. ಇದಕ್ಕಿಂತ ಸುಲಭವಾದ ದಾರಿಯಿದೆಯೇ?

ಇನ್ನೊಂದು ಪ್ರಶ್ನೆ: Suggesting ಆಯ್ಕೆಯನ್ನು ಪ್ರತಿಯೊಬ್ಬರೂ ತಾವೇ ನೆನಪಿಟ್ಟು ಆರಿಸಬೇಕಾಗುವುದರಿಂದ, ಒಬ್ಬರನ್ನು ಬಿಟ್ಟು ಉಳಿದವರಿಗೆ Commenter ಅನುಮತಿ ಮಾತ್ರ ಕೊಡುವ ಯೋಚನೆಯಿದೆ. ಆಗ ಅವರು ಸಲಹೆ, ಟಿಪ್ಪಣಿಗಳನ್ನಷ್ಟೇ ಬರೆಯಬಲ್ಲರು. ಆದರೆ ಒಂದೇ ವಾಕ್ಯಕ್ಕೆ ಇಬ್ಬರ ಸಲಹೆಗಳು ಬಂದಾಗ ಯಾವುದನ್ನು ಮೊದಲು ಒಪ್ಪಿಕೊಳ್ಳುತ್ತೀರಿ, ಅಥವಾ ಮೊದಲು ಟಿಪ್ಪಣಿಯಲ್ಲಿ ಚರ್ಚಿಸುತ್ತೀರಾ? ಈ ಕ್ರಮವನ್ನು ಅನುಸರಿಸಿದವರು ದಯವಿಟ್ಟು ತಿಳಿಸಿ.